ಈ ಚಾಟ್ ಸಾಧನ ನನ್ನ ಚಿತ್ರಗಳನ್ನು ನೋಡಬಲ್ಲದೇ?



ನಮ್ಮ ಕನ್ನಡ ಕಾರ್ಯಕ್ರಮದ ಪ್ರಶ್ನೋತ್ತರ ಭಾಗಕ್ಕೆ ಪದೇ ಪದೇ ಬರುವ ಪ್ರಶ್ನೆ ಒಂದಿದೆ. "ಈ ಚಾಟ್‌ಜಿಪಿಟಿ ಅಂತಾರಲ್ಲ, ಅದು ನನ್ನ ಫೋಟೋ ನೋಡುತ್ತಾ?" ಕೇಳುವವರು ಬೇರೆ ಬೇರೆ, ಮಾತಿನ ಧಾಟಿಯೂ ಬೇರೆ ಬೇರೆ. ಕೆಲವರಿಗೆ ಅದರಲ್ಲಿ ಆಸೆ ಇರುತ್ತದೆ, ಕೆಲವರಿಗೆ ಅಂಜಿಕೆ. ಇವತ್ತಿನ ಮಾತು ಈ ಒಂದೇ ಪ್ರಶ್ನೆಗೆ ಮೀಸಲು.

ಚುಟುಕಾಗಿ ಉತ್ತರ ಹೇಳಿಬಿಡುತ್ತೇನೆ. ನೀವು ಆ ಮಾತುಕತೆಯೊಳಗೆ ಹಾಕಿದ ಚಿತ್ರವನ್ನು ಅದು ನೋಡಬಲ್ಲದು. ನೀವು ಹಾಕದ ಚಿತ್ರವನ್ನು ತಾನಾಗಿ ಹೋಗಿ ನೋಡುವುದಿಲ್ಲ. ಇನ್ನು, ನೋಡಿದ್ದನ್ನೆಲ್ಲ ಸರಿಯಾಗಿ ಓದುತ್ತದೆ ಎಂದು ಮಾತ್ರ ನಂಬಿ ಕೂರಬೇಡಿ. ಆತುರದಲ್ಲಿ ಇರುವವರಿಗೆ ಇಷ್ಟು ಸಾಕು. ಪುರುಸೊತ್ತಿದ್ದವರು ಕೇಳಿ, ಈ ಮೂರು ವಾಕ್ಯಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಕನ್ನಡದಲ್ಲಿ "ನೋಡಬಲ್ಲದೇ" ಎಂದರೆ ಅದಕ್ಕೆ ಆ ಶಕ್ತಿ ಇದೆಯೇ ಎಂಬ ಪ್ರಶ್ನೆ. "ನೋಡುತ್ತಿದೆಯೇ" ಎಂದರೆ ನನಗೆ ಗೊತ್ತಿಲ್ಲದಂತೆ ಕದ್ದು ನೋಡುತ್ತಿದೆಯೇ ಎಂಬ ಅನುಮಾನ. ಪತ್ರ ಬರೆಯುವ ಬಹಳ ಮಂದಿ ಮೊದಲನೆಯದನ್ನು ಬರೆದು ಎರಡನೆಯದನ್ನು ಕೇಳುತ್ತಿರುತ್ತಾರೆ. ಹಾಗಾಗಿ ಅನುಮಾನದಿಂದಲೇ ಶುರು ಮಾಡುತ್ತೇನೆ.

ನಿಮ್ಮ ಫೋನಿನಲ್ಲಿ ಗ್ಯಾಲರಿ ಎಂಬುದು ಬೀಗ ಹಾಕಿದ ಕೋಣೆ ಇದ್ದಂತೆ. ಬೀಗದ ಕೈ ಇರುವುದು ಫೋನಿನ ಹತ್ತಿರ, ಚಾಟ್ ಆ್ಯಪ್‌ನ ಹತ್ತಿರ ಅಲ್ಲ. ಈಗಿನ ಫೋನುಗಳಲ್ಲಿ ನೀವು ಚಿತ್ರ ಸೇರಿಸುವ ಗುರುತನ್ನು ಒತ್ತಿದಾಗ ಚಿತ್ರಗಳ ಕಿಟಕಿಯೊಂದು ತೆರೆಯುತ್ತದೆ. ಸಾಮಾನ್ಯವಾಗಿ ಆ ಕಿಟಕಿಯನ್ನು ತೆರೆಯುವುದು ಫೋನೇ. ನೀವು ಬೆರಳಿಟ್ಟ ಒಂದು ಚಿತ್ರ ಮಾತ್ರ ಆ್ಯಪ್‌ನ ಕೈಗೆ ಹೋಗುತ್ತದೆ, ಉಳಿದವು ಕೋಣೆಯಲ್ಲೇ ಇರುತ್ತವೆ. ಐಫೋನಿನಲ್ಲಿ 2020ರಿಂದ, ಆಂಡ್ರಾಯ್ಡ್‌ನ 14ನೇ ಆವೃತ್ತಿಯಲ್ಲಿ 2023ರಿಂದ, "ಆರಿಸಿದ ಚಿತ್ರಗಳು ಮಾತ್ರ" ಎಂಬ ಅರೆ ಅನುಮತಿಯೂ ಇದೆ. ಆದರೆ ಎಂದಾದರೂ ಅವಸರದಲ್ಲಿ "ಎಲ್ಲ ಚಿತ್ರಗಳಿಗೂ ಅನುಮತಿ" ಎಂದು ಒತ್ತಿದ್ದರೆ ಇಡೀ ಕೋಣೆಯ ಬಾಗಿಲು ಆ ಆ್ಯಪ್‌ಗೆ ತೆರೆದಿರುತ್ತದೆ. ನೋಡಿಕೊಳ್ಳುವುದು ಕಷ್ಟವೇನಲ್ಲ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿ ಆ ಆ್ಯಪ್‌ನ ಹೆಸರು ಹುಡುಕಿ, ಅನುಮತಿಗಳಲ್ಲಿ ಫೋಟೋ ಎಂಬುದನ್ನು ತೆರೆಯಿರಿ. ಅಲ್ಲಿ "ಎಲ್ಲ" ಎಂದಿದ್ದರೆ "ಆರಿಸಿದ್ದು ಮಾತ್ರ" ಎಂದು ಬದಲಿಸಿ. ಚಾಟ್ ಕೆಲಸಕ್ಕೆ ಇದರಿಂದ ಯಾವ ಅಡ್ಡಿಯೂ ಇಲ್ಲ.

ಇನ್ನೊಂದು ಬಾಗಿಲೂ ಇದೆ. ಕೆಲವು ಚಾಟ್ ಸಾಧನಗಳಿಗೆ ನಿಮ್ಮ ಇಂಟರ್ನೆಟ್ ಫೋಟೋ ಖಾತೆಯನ್ನೋ ಕಡತಗಳ ಖಾತೆಯನ್ನೋ ಜೋಡಿಸಬಹುದು. ಹಾಗೆ ಜೋಡಿಸಿಕೊಟ್ಟರೆ ಅದು ಅಲ್ಲಿಯೂ ಹುಡುಕಬಲ್ಲದು. ಜೋಡಿಸಿದ್ದು ನೀವೇ ಆದ್ದರಿಂದ ಬಿಡಿಸುವುದೂ ನಿಮ್ಮ ಕೈಯಲ್ಲೇ ಇದೆ.

ವಾಟ್ಸಾಪ್‌ನಲ್ಲಿ ಕಾಣುವ ನೀಲಿ ಉಂಗುರದ ಬಗ್ಗೆಯೂ ಕೇಳುತ್ತಿರುತ್ತೀರಿ. ಅದು ಮೆಟಾ ಎಐ, ನಮ್ಮ ದೇಶಕ್ಕೆ 2024ರ ಜೂನ್‌ನಲ್ಲಿ ಬಂತು. ನೀವು ಅಣ್ಣನಿಗೋ ಮಗಳಿಗೋ ಕಳಿಸಿದ ಖಾಸಗಿ ಚಿತ್ರಕ್ಕೆ ಗುಪ್ತಲಿಪಿಯ ಕಾವಲಿದೆ, ಉಂಗುರ ಕಂಡಮಾತ್ರಕ್ಕೆ ಆ ಕಾವಲು ಹೋಗಿಲ್ಲ. ಅದಕ್ಕೆಂದೇ ಕಳಿಸಿದ್ದು ಮಾತ್ರ ಅದಕ್ಕೆ ಹೋಗುತ್ತದೆ.

ಅನುಮಾನದ ಮಾತು ಇಲ್ಲಿಗಾಯಿತು. ಇನ್ನು ಶಕ್ತಿಯ ಮಾತು.

ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂದಾಗ ಅದಕ್ಕೆ ಅಕ್ಷರ ಮಾತ್ರ ಗೊತ್ತಿತ್ತು. 2023ರ ಸೆಪ್ಟೆಂಬರ್‌ನಲ್ಲಿ, ಮೊದಲು ಹಣ ಕೊಟ್ಟು ಬಳಸುವವರಿಗೆ, ಚಿತ್ರ ತೋರಿಸುವ ಅನುಕೂಲ ಸಿಕ್ಕಿತು. 2024ರ ಮೇ ತಿಂಗಳಿನಿಂದ ಪುಕ್ಕಟೆ ಬಳಸುವವರಿಗೂ, ಒಂದು ಮಿತಿಯೊಳಗೆ, ಅದು ದಕ್ಕಿತು. ಜೆಮಿನಿ, ಕ್ಲಾಡ್ ಮುಂತಾದ ಇತರ ಸಾಧನಗಳಿಗೂ ಇಂದು ಈ ಶಕ್ತಿ ಇದೆ. ಕರೆಂಟ್ ಬಿಲ್ಲು, ಗಿಡದ ಎಲೆ, ಮಗುವಿನ ಲೆಕ್ಕದ ಪುಸ್ತಕ, ಏನು ಬೇಕಾದರೂ ತೋರಿಸಬಹುದು.

ಆದರೆ ನಮ್ಮ ಊರು ಬಿಟ್ಟು ಬಂದ ಮನೆಗಳಲ್ಲಿ ಈ ಶಕ್ತಿಯ ಮೇಲೆ ಆಸೆ ಹುಟ್ಟುವುದು ಒಂದು ಬೇರೆಯೇ ಕಾರಣಕ್ಕೆ. ಡೊಂಬಿವಲಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಪ್ಪ ಗದಗ ಕಡೆಯಿಂದ ಕೆಲಸಕ್ಕೆಂದು ಬಂದವರು, ಈಗಿಲ್ಲ. ಮಗಳು ಮನೆಯಲ್ಲಿ ಚೆನ್ನಾಗಿಯೇ ಕನ್ನಡ ಮಾತಾಡುತ್ತಾಳೆ, ಆದರೆ ಓದಿದ್ದು ಮರಾಠಿ, ಇಂಗ್ಲಿಷ್. ಕನ್ನಡ ಅಕ್ಷರ ಬಾರದು. ಕಪಾಟಿನ ಟ್ರಂಕಿನಲ್ಲಿ ಅಜ್ಜಿ 1980ರ ದಶಕದಲ್ಲಿ ಅಪ್ಪನಿಗೆ ಬರೆದ ಕಾಗದಗಳ ಕಟ್ಟು ಸಿಗುತ್ತದೆ. ಅಜ್ಜಿಯ ಮಾತು ಕೇಳಿದರೆ ಅವಳಿಗೆ ಅರ್ಥವಾಗುತ್ತದೆ, ಆದರೆ ಆ ಮಾತು ಅಕ್ಷರದೊಳಗೆ ಸಿಕ್ಕಿಕೊಂಡಿದೆ. ಫೋನಿನಲ್ಲಿ ಚಿತ್ರ ತೆಗೆದು ಚಾಟ್ ಸಾಧನಕ್ಕೆ ಕೊಟ್ಟರೆ ಓದಿ ಹೇಳೀತೇ? ಓದೀತು. ಎಷ್ಟು ಸರಿಯಾಗಿ ಎಂಬುದನ್ನು ನಾವು ನೋಡಬೇಕು.

ಈ ಸಾಧನಕ್ಕೆ ಕಣ್ಣಿಲ್ಲ. ಕೊಟ್ಟ ಚಿತ್ರವನ್ನು ಅದು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿಕೊಂಡು, ಪ್ರತಿ ಚೌಕವನ್ನೂ ಅಂಕಿಗಳ ಸಾಲಾಗಿ ಮಾಡಿಕೊಳ್ಳುತ್ತದೆ. ಅದಕ್ಕೆ ಮೊದಲು ದೊಡ್ಡ ಚಿತ್ರವನ್ನು ಕುಗ್ಗಿಸುತ್ತದೆ. ಎಡವಟ್ಟು ಶುರುವಾಗುವುದು ಈ ಕುಗ್ಗಿಸುವಲ್ಲಿಯೇ.

2024ರಲ್ಲಿ ಬಂದ ಜಿಪಿಟಿ-4ಒ ಮಾದರಿಗೆ ಅದನ್ನು ಮಾಡಿದವರೇ ಹೇಳಿದ್ದ ಲೆಕ್ಕ ಹೀಗಿತ್ತು. ಚಿತ್ರವನ್ನು ಮೊದಲು 2048 ಚುಕ್ಕೆಗಳ ಚೌಕದೊಳಗೆ ಹಿಡಿಸುವಂತೆ ಕುಗ್ಗಿಸುವುದು. ಆಮೇಲೆ ಅದರ ಚಿಕ್ಕ ಬದಿ 768 ಚುಕ್ಕೆ ಆಗುವಂತೆ ಮತ್ತೆ ಕುಗ್ಗಿಸುವುದು. ನಿಮ್ಮ ಫೋನಿನ 12 ಮೆಗಾಪಿಕ್ಸೆಲ್ ಚಿತ್ರ ಎಂದರೆ ಉದ್ದಕ್ಕೆ ಸುಮಾರು 4000 ಚುಕ್ಕೆ, ಅಗಲಕ್ಕೆ 3000. ಈ ಲೆಕ್ಕದಲ್ಲಿ ಹಾದುಬಂದರೆ ಉಳಿಯುವುದು 1024 ಮತ್ತು 768. ನೀವು ಕೊಟ್ಟದ್ದು ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕೆ, ಅದಕ್ಕೆ ಸಿಕ್ಕಿದ್ದು ಎಂಟು ಲಕ್ಷಕ್ಕೂ ಕಡಿಮೆ.

ಇದನ್ನು ಅಜ್ಜಿಯ ಕಾಗದದ ಮೇಲೆ ಇಟ್ಟು ನೋಡೋಣ. ಹಾಳೆ 30 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ ಎನ್ನಿ. ಅಕ್ಷರ ಮೂರು ಮಿಲಿಮೀಟರ್ ಎತ್ತರ. ಇಡೀ ಹಾಳೆಯನ್ನು ಒಂದೇ ಚಿತ್ರದಲ್ಲಿ ತುಂಬಿ ತೆಗೆದರೆ ಫೋನಿನಲ್ಲಿ ಆ ಅಕ್ಷರ 40 ಚುಕ್ಕೆ ಎತ್ತರ ಇರುತ್ತದೆ. ನೀವು ಹಿಗ್ಗಿಸಿ ನೋಡಿದರೆ ಸ್ಪಷ್ಟವಾಗಿ ಕಾಣುತ್ತದೆ. ಕುಗ್ಗಿದ ಮೇಲೆ ಅದು 10 ಚುಕ್ಕೆ. ಅಕ್ಷರದ ಅರ್ಧದಷ್ಟಿರುವ ಒತ್ತು ಐದೇ ಚುಕ್ಕೆ. ತಲೆಯ ಮೇಲಿನ ಎತ್ವ ಮೂರು ಚುಕ್ಕೆ ಇದ್ದರೆ ಹೆಚ್ಚು.

ಇಂಗ್ಲಿಷ್ ಓದಲು ಹತ್ತು ಚುಕ್ಕೆ ಹೇಗೋ ನಡೆದೀತು. ಕನ್ನಡಕ್ಕೆ ನಡೆಯುವುದು ಕಷ್ಟ, ಏಕೆಂದರೆ ನಮ್ಮಲ್ಲಿ ಅರ್ಥ ಕುಳಿತಿರುವುದೇ ಆ ಸಣ್ಣ ಗುರುತುಗಳಲ್ಲಿ. "ಹಣ್ಣು ನೋಡಿ ಬಂದೆವು" ಎಂಬುದಕ್ಕೂ "ಹೆಣ್ಣು ನೋಡಿ ಬಂದೆವು" ಎಂಬುದಕ್ಕೂ ಇರುವ ವ್ಯತ್ಯಾಸ ತಲೆಯ ಮೇಲಿನ ಒಂದು ಕೊಂಕು ಮಾತ್ರ. ಒಂದು ಸಂತೆಯ ಸುದ್ದಿ, ಇನ್ನೊಂದು ಮನೆಯ ಮದುವೆಯ ಸುದ್ದಿ. "ಹಣ ಬಂತು" ಎಂದು ಅಜ್ಜಿ ಬರೆದದ್ದು ಅದೇ ಕೊಂಕು ಅಂಟಿಕೊಂಡರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಕನ್ನಡದ ಅಂಕಿಗಳೂ ಹಾಗೆಯೇ. ೨ ಮತ್ತು ೩ ದೂರದಿಂದ ಅಣ್ಣತಮ್ಮಂದಿರಂತೆ ಕಾಣುತ್ತವೆ. ಮನಿಆರ್ಡರ್‌ನಲ್ಲಿ ಬಂದದ್ದು ೨೫೦ ರೂಪಾಯಿಯೋ ೩೫೦ ರೂಪಾಯಿಯೋ ಎಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಮನುಷ್ಯರು ಹಳೆಯ ಕಾಗದ ಓದುವಾಗ ಅಕ್ಷರ ತಿಳಿಯದಿದ್ದರೆ ತಡೆಯುತ್ತಾರೆ. "ಇದೇನೋ ಗೊತ್ತಾಗಲಿಲ್ಲವಪ್ಪ" ಎನ್ನುತ್ತಾರೆ. ಈ ಸಾಧನ ಹಾಗೆ ತಡೆಯುವುದು ಕಡಿಮೆ. ಮುಂದಿನ ಮಾತು ಯಾವುದಿರಬಹುದು ಎಂದು ಹೊಂದಿಸುತ್ತ ಹೋಗುವುದೇ ಅದರ ಕಸುಬು. ಕಾಣದ ಜಾಗದಲ್ಲಿ ಅಲ್ಲಿಗೆ ಒಪ್ಪುವ ಇನ್ನೊಂದು ಮಾತನ್ನು ಕೂರಿಸಿ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ತಪ್ಪು ಓದು ಕೂಡ ನಯವಾಗಿ, ವ್ಯಾಕರಣಬದ್ಧವಾಗಿ, ಎಲ್ಲೂ ತೊಡಕಿಲ್ಲದೆ ಇರುತ್ತದೆ. ಅಕ್ಷರ ಬಲ್ಲವರಾದರೆ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ಹಿಡಿಯುತ್ತಾರೆ. ಡೊಂಬಿವಲಿಯ ಮಗಳಿಗೆ ಅದು ಸಾಧ್ಯವಿಲ್ಲ. ಯಾರಿಗೆ ಈ ಸಾಧನ ಎಲ್ಲರಿಗಿಂತ ಹೆಚ್ಚು ಬೇಕೋ, ಅದರ ತಪ್ಪು ಹಿಡಿಯಲು ಆಗದವರೂ ಅವರೇ. ಅಜ್ಜಿ ಬರೆಯದ ಮಾತನ್ನು ಅಜ್ಜಿಯದೆಂದು ನಂಬಿಕೊಂಡುಬಿಡುವ ಅಪಾಯ ಇಲ್ಲಿದೆ.

ಹಾಗಾದರೆ ಬಿಟ್ಟುಬಿಡಬೇಕೇ? ಬೇಡ. ಚಿತ್ರ ಕೊಡುವ ರೀತಿ ಬದಲಾಯಿಸಿದರೆ ತಪ್ಪುಗಳು ಬಹಳಷ್ಟು ಇಳಿಯುತ್ತವೆ.

ಮೊದಲನೆಯದು, ಇಡೀ ಹಾಳೆಯನ್ನು ಒಟ್ಟಿಗೆ ಕೊಡಬೇಡಿ. ಉದ್ದಕ್ಕೆ ಮೂರು ಭಾಗ ಮಾಡಿಕೊಳ್ಳಿ. ಫೋನನ್ನು ಅಡ್ಡ ಹಿಡಿದು, ಹಾಳೆಯ ಅಗಲ ಚಿತ್ರದ ಉದ್ದಕ್ಕೆ ತುಂಬುವಂತೆ ಹತ್ತಿರದಿಂದ ತೆಗೆಯಿರಿ. ಆಮೇಲೆ ಆ ಹತ್ತು ಸೆಂಟಿಮೀಟರ್ ಪಟ್ಟಿಯಷ್ಟೇ ಉಳಿಯುವಂತೆ ಕತ್ತರಿಸಿ. ಆಗಲೇ ಹೇಳಿದ ಲೆಕ್ಕದಲ್ಲೇ ಹೋದರೆ ಈ ಪಟ್ಟಿ 1536 ಮತ್ತು 768 ಚುಕ್ಕೆಗೆ ಇಳಿಯುತ್ತದೆ, ಅಕ್ಷರ 23 ಚುಕ್ಕೆ ಎತ್ತರ ನಿಲ್ಲುತ್ತದೆ. ಹತ್ತು ಎಲ್ಲಿ, ಇಪ್ಪತ್ತಮೂರು ಎಲ್ಲಿ! ಅದೇ ಫೋನು, ಅದೇ ಕಾಗದ, ಅದೇ ಸಾಧನ. ಆಮೇಲೆ ಬಂದ ಕೆಲವು ಮಾದರಿಗಳು ಇದಕ್ಕಿಂತ ದೊಡ್ಡ ಚಿತ್ರ ತೆಗೆದುಕೊಳ್ಳುತ್ತವೆ. ಆದರೂ ಮಿತಿ ಎಂಬುದು ಇದ್ದೇ ಇದೆ, ಆದ್ದರಿಂದ ಈ ಉಪಾಯ ಎಲ್ಲದಕ್ಕೂ ಹೊಂದುತ್ತದೆ. ಪಟ್ಟಿ ಮಾಡುವಾಗ ಹಿಂದಿನ ಪಟ್ಟಿಯ ಕೊನೆಯ ಸಾಲು ಮುಂದಿನದರಲ್ಲೂ ಬರಲಿ, ನಡುವೆ ಸಾಲು ತಪ್ಪುವುದಿಲ್ಲ.

ಎರಡನೆಯದು, ಬೆಳಕು. ಕಿಟಕಿಯ ಪಕ್ಕ ಹಗಲು ಬೆಳಕಿನಲ್ಲಿ, ಫ್ಲಾಷ್ ಇಲ್ಲದೆ, ಫೋನನ್ನು ಕಾಗದಕ್ಕೆ ನೇರ ಹಿಡಿದು ತೆಗೆಯಿರಿ. ಮಡಿಕೆಯ ನೆರಳು ಅಕ್ಷರದ ಮೇಲೆ ಬಿದ್ದರೆ ಅದೂ ಒಂದು ಗೆರೆಯಂತೆ ಕಾಣುತ್ತದೆ. ಹಳೆಯ ಕಾಗದಗಳಲ್ಲಿ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದಿರುತ್ತಾರಲ್ಲ, ಅದನ್ನು ಬೇರೆ ಚಿತ್ರವಾಗಿ, ನೆಟ್ಟಗೆ ತಿರುಗಿಸಿ ಕೊಡಿ. ಚಿತ್ರವನ್ನು ತಮ್ಮನಿಂದ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳುವುದಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೋ ಆಗಿ ಬಂದರೆ ದಾರಿಯಲ್ಲೇ ಒಮ್ಮೆ ಕುಗ್ಗಿರುತ್ತದೆ.

ಮೂರನೆಯದು, ಅನುವಾದಕ್ಕೆ ಮೊದಲು ಅಕ್ಷರ. ನೇರವಾಗಿ ಇಂಗ್ಲಿಷ್‌ಗೋ ಮರಾಠಿಗೋ ತಿರುಗಿಸಿಕೊಂಡರೆ ತಪ್ಪು ಎಲ್ಲಿ ಆಯಿತೆಂದು ಯಾರಿಗೂ ತಿಳಿಯುವುದಿಲ್ಲ. ಮೊದಲು ಕನ್ನಡದಲ್ಲೇ, ಕಾಗದದಲ್ಲಿ ಇರುವಂತೆ ಸಾಲಿಗೆ ಸಾಲು ಬರೆಸಿಕೊಳ್ಳಿ. ತಿಳಿಯದ ಕಡೆ ಖಾಲಿ ಬಿಡಬೇಕೆಂದು ಮೊದಲೇ ಬರೆದು ತಿಳಿಸಿ.

ಈಗ ಅಕ್ಷರ ಬಾರದಿದ್ದರೂ ಮಾಡಬಹುದಾದ ಪರೀಕ್ಷೆಗಳಿವೆ. ಕಾಗದದ ಸಾಲುಗಳನ್ನು ಎಣಿಸಿ, ಬಂದ ಸಾಲುಗಳನ್ನೂ ಎಣಿಸಿ. ಕಾಗದದಲ್ಲಿ 14 ಸಾಲಿದ್ದು ಅಲ್ಲಿ 12 ಬಂದಿದ್ದರೆ ಎಲ್ಲೋ ನುಂಗಿದೆ. ಹರಿದ ಜಾಗ, ಶಾಯಿ ಹರಡಿದ ಜಾಗಗಳನ್ನು ಗುರುತು ಮಾಡಿಕೊಳ್ಳಿ. ಅಲ್ಲಿಯೂ ಮಾತು ಸಲೀಸಾಗಿ ಹರಿದಿದ್ದರೆ ಅದು ಓದಿದ್ದಲ್ಲ, ಊಹಿಸಿದ್ದು. ಅದೇ ಪಟ್ಟಿಯನ್ನು ಇನ್ನೊಂದು ದಿನ, ಹೊಸ ಮಾತುಕತೆ ತೆರೆದು, ಮತ್ತೆ ಕೊಡಿ. ಎರಡು ಸಲ ಬಂದದ್ದನ್ನು ಅಕ್ಕಪಕ್ಕ ಇಡಿ. ಬೇರೆ ಬೇರೆ ಬಂದ ಮಾತುಗಳ ಕೆಳಗೆ ಗೆರೆ ಎಳೆಯಿರಿ. ಊರಿನ ಹೆಸರು, ಜನರ ಹೆಸರು, ದುಡ್ಡಿನ ಅಂಕಿ, ತಾರೀಖು, ಇವುಗಳ ಕೆಳಗೆ ಹೇಗಿದ್ದರೂ ಗೆರೆ ಎಳೆಯಿರಿ. ಏಕೆಂದರೆ ಹೆಸರು ಅಂಕಿಗಳನ್ನು ಹಿಂದುಮುಂದಿನ ಮಾತಿನಿಂದ ಊಹಿಸಲು ಬರುವುದಿಲ್ಲ. ಎರಡೂ ಸಲ ಒಂದೇ ಬಂತೆಂದು ಅದು ಸರಿ ಎಂದೂ ಅಲ್ಲ, ಒಂದೇ ತಪ್ಪನ್ನು ಎರಡು ಸಲ ಮಾಡಿರಬಹುದು.

ಆಮೇಲೆ ಆ ಕಾಗದವನ್ನೂ ಗೆರೆ ಎಳೆದ ಬರಹವನ್ನೂ ಹಿಡಿದುಕೊಂಡು ಓದು ಬಲ್ಲ ಒಬ್ಬರ ಹತ್ತಿರ ಕುಳಿತುಕೊಳ್ಳಿ. ನಿಮ್ಮ ಊರಿನ ಕನ್ನಡ ಸಂಘದಲ್ಲಿ ಅಂಥ ಹಿರಿಯರು ಇದ್ದೇ ಇರುತ್ತಾರೆ. ಇಲ್ಲವಾದರೆ ಊರಿನಲ್ಲಿರುವ ಅತ್ತೆಗೆ ವಿಡಿಯೋ ಕರೆ ಮಾಡಿ. ನಲವತ್ತು ಕಾಗದ ಓದಿಕೊಡಿ ಎಂದರೆ ಯಾರಿಗೂ ಕಷ್ಟ. ಗೆರೆ ಎಳೆದ ಹತ್ತು ಮಾತು ನೋಡಿಕೊಡಿ ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ. ಜತೆಗೆ, ಅಜ್ಜಿ "ಸಣ್ಣವ್ವ" ಎಂದು ಬರೆದದ್ದು ಯಾರನ್ನು ಎಂದು ಹೇಳಬಲ್ಲವರು ಅವರು ಮಾತ್ರ.

ಕೊನೆಯದಾಗಿ, ಕೊಟ್ಟ ಚಿತ್ರ ಏನಾಗುತ್ತದೆ? ಅದು ನಿಮ್ಮ ಫೋನಿನಲ್ಲೇ ಉಳಿಯುವುದಿಲ್ಲ, ಕಂಪನಿಯ ಯಂತ್ರಗಳಿಗೆ ಹೋಗುತ್ತದೆ, ನಿಮ್ಮ ಖಾತೆಯ ಹಳೆಯ ಮಾತುಕತೆಗಳಲ್ಲಿ ಕುಳಿತಿರುತ್ತದೆ. ಚಾಟ್‌ಜಿಪಿಟಿಯಲ್ಲಿ ಸೆಟ್ಟಿಂಗ್ಸ್ ತೆರೆದರೆ Data Controls ಎಂಬಲ್ಲಿ Improve the model for everyone ಎಂಬ ಗುಂಡಿ ಇದೆ. ಅದನ್ನು ಆಫ್ ಮಾಡಿಟ್ಟರೆ ಅಲ್ಲಿಂದಾಚೆಗೆ ನೀವು ಕೊಡುವುದನ್ನು ಮಾದರಿಗೆ ಕಲಿಸಲು ಬಳಸುವುದಿಲ್ಲ. ಮಾತುಕತೆಯನ್ನು ಅಳಿಸಿದರೆ 30 ದಿನದೊಳಗೆ ತೆಗೆಯುವುದು ಅವರ ನಿಯಮ. ಆದರೆ ಅಳಿಸಿದ್ದೆಲ್ಲ ಯಾವಾಗಲೂ ಅಳಿಯುತ್ತದೆ ಎಂದಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯಾಲಯವೊಂದು, ಪತ್ರಿಕೆಯೊಂದು ಹೂಡಿದ್ದ ದಾವೆಯಲ್ಲಿ, ಬಳಕೆದಾರರು ಅಳಿಸಿದ ಮಾತುಕತೆಗಳನ್ನೂ ಕಾದಿಡಬೇಕೆಂದು ಆ ಕಂಪನಿಗೆ ಆಜ್ಞೆ ಮಾಡಿತ್ತು. ಹೊಸದನ್ನು ಹಾಗೆ ಕಾದಿಡುವ ಕಟ್ಟಳೆ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಮುಗಿಯಿತು.

ಆದ್ದರಿಂದ ಕೊಡುವ ಮೊದಲು ಚಿತ್ರವನ್ನು ಒಮ್ಮೆ ನೀವೇ ನೋಡಿ. ಕಾಗದದ ಪಕ್ಕದಲ್ಲಿ ಮೇಜಿನ ಮೇಲೆ ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು ಬಿದ್ದಿದ್ದರೆ ಅದೂ ಚಿತ್ರದಲ್ಲಿ ಹೋಗುತ್ತದೆ. ವಿಳಾಸದ ಭಾಗ ಕತ್ತರಿಸಿ. ಇನ್ನು, ಕಾಗದದೊಳಗೆ ಯಾರದೋ ಕಾಯಿಲೆ, ಯಾರದೋ ಮನೆ ಜಗಳ ಇದೆ ಎಂದು ನಿಮಗೆ ಮೊದಲೇ ಗೊತ್ತಿದ್ದರೆ, ಆ ಒಂದು ಹಾಳೆಯನ್ನು ಯಂತ್ರಕ್ಕೆ ಕೊಡದೆ ಅತ್ತೆಯ ಬಾಯಲ್ಲೇ ಓದಿಸಿಕೊಳ್ಳುವುದು ಲೇಸು. ಅದನ್ನು ಬರೆದವರು ಒಬ್ಬರೇ ಓದಲಿ ಎಂದು ಬರೆದದ್ದು.

ಈ ಉತ್ತರವನ್ನು ಕತ್ತರಿಸಿ ಇಟ್ಟುಕೊಳ್ಳುವವರಿಗಾಗಿ ಮತ್ತೊಮ್ಮೆ ಹೇಳುತ್ತೇನೆ. ಕೊಟ್ಟದ್ದನ್ನು ನೋಡುತ್ತದೆ, ಕೊಡದ್ದನ್ನು ನೋಡುವುದಿಲ್ಲ. ಕೈಬರಹವನ್ನು ಪಟ್ಟಿ ಪಟ್ಟಿಯಾಗಿ ಕೊಡಿ, ಹೆಸರು ಅಂಕಿಗಳನ್ನು ಮನುಷ್ಯರಿಗೆ ತೋರಿಸಿ. ನಿಮ್ಮ ಪ್ರಶ್ನೆಗಳನ್ನು ಎಂದಿನಂತೆ ನಿಲಯದ ಕನ್ನಡ ವಿಭಾಗಕ್ಕೆ ಬರೆಯಿರಿ.